ಹಾಡಿನ ಕೆಳಗಿದ್ದ ಬಾಡಿಗೆ ಮಾತು

ತೊಂಬತ್ತರ ದಶಕದ ಮದುವೆ ಕ್ಯಾಸೆಟ್‌ಗಳಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಪುರೋಹಿತರ ಬಾಯಿ ಆಡುತ್ತಿರುತ್ತದೆ, ಬೀಗರು ನಗುತ್ತಿರುತ್ತಾರೆ, ಯಾವುದೋ ಮಗು ಬಾಯಿ ತೆರೆದು ಅಳುತ್ತಿರುತ್ತದೆ. ಆದರೆ ಎಲ್ಲದರ ಮೇಲೂ ಸಿನಿಮಾ ಹಾಡು. ಒಂದು ಮುಗಿದರೆ ಇನ್ನೊಂದು. ನಾನು ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವಳು, ಹಾಗಾಗಿ ಆ ಕಾಲದವರನ್ನು ಬೈಯುವ ಹಕ್ಕು ನನಗಿಲ್ಲ. ಈಗಲೂ ನಾವು ಮಾಡೋದು ಅದನ್ನೇ. ಹಾಡು ಹೊಸದು, ಅಷ್ಟೆ.

ಅಪ್ಪ ಅಮ್ಮನ ಮದುವೆಗೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ ಮನೆಯವರಿಗಾಗಿ ಒಂದು ಸಿನಿಮಾ ಮಾಡಲು ಹೊರಟಿದ್ದೆ. ಮದುವೆ ನಡೆದದ್ದು 1993ರ ಬೇಸಿಗೆಯಲ್ಲಿ, ಇಲ್ಲೇ, ಹಳೇ ಊರಿನ ಒಂದು ಛತ್ರದಲ್ಲಿ. ಲಗ್ನಪತ್ರಿಕೆಯಲ್ಲಿ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಎಂದಿದೆ, ಯಾಕೆಂದರೆ ನಮ್ಮೂರು ಜಿಲ್ಲೆಯಾದದ್ದು 1997ರಲ್ಲಿ. ಅಮ್ಮನ ಕಡೆಯವರು ಹೊಳಲ್ಕೆರೆ ಹತ್ತಿರದ ಹಳ್ಳಿಯವರು. ದಿಬ್ಬಣ ಬಂದದ್ದು ಲಾರಿಯಲ್ಲಿ.

ಆ ಲಾರಿಯ ಬಗ್ಗೆ ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಹೆಣ್ಣೊಪ್ಪಿಸುವ ಹೊತ್ತಿಗೆ ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಅಲ್ಲಿರಲಿಲ್ಲ. ಹೊರಗೆ ಲಾರಿಯವನ ಜೊತೆ ಬಾಡಿಗೆಗೆ ಚೌಕಾಸಿ ಮಾಡುತ್ತಾ ನಿಂತಿದ್ದನಂತೆ. ಅಜ್ಜಿಯೊಬ್ಬಳೇ ಮಗಳ ಕೈ ಹಿಡಿದು ಒಪ್ಪಿಸಿದಳಂತೆ. ಅಜ್ಜ ಎರಡು ವರ್ಷಕ್ಕೆ ತೀರಿಕೊಂಡ. ನಾನವನನ್ನು ನೋಡಿಲ್ಲ. ಅವನ ಬಗ್ಗೆ ಮನೆಯಲ್ಲಿ ಉಳಿದದ್ದು ಎರಡೇ ಮಾತು: ಮಾತು ಕಮ್ಮಿ, ದುಡ್ಡಿನಲ್ಲಿ ಗಟ್ಟಿ.

ಸಿನಿಮಾಕ್ಕಾಗಿ ಅಮ್ಮನನ್ನು ಕೂರಿಸಿಕೊಂಡು ಮಾತಾಡಿಸಿದಾಗ ಅವಳು ಇದನ್ನೇ ಹೇಳಿದಳು. ಕಣ್ಣೀರು ಗಿಣ್ಣೀರು ಏನಿಲ್ಲ. "ಅಪ್ಪಂಗೆ ಅವತ್ತೂ ಬಾಡಿಗೆದೇ ಚಿಂತೆ" ಅಂದು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ನಾನು ಅದನ್ನು ಇಟ್ಟುಕೊಂಡೆ. ಅದರ ಹಿಂದೆ ಧಾರೆಯ ಶಾಟ್‌ನಲ್ಲಿ ಅಜ್ಜನ ಮುಖ ಕಾಣುವ ತುಣುಕನ್ನು ಅರ್ಧಕ್ಕಿಂತ ಕಮ್ಮಿ ವೇಗಕ್ಕೆ ಇಳಿಸಿ ಹಾಕಿದೆ. ಯಾರ ಮುಖವನ್ನಾದರೂ ನಿಧಾನ ಮಾಡಿ, ಕೆಳಗೊಂದು ಕೊಳಲು ಇಟ್ಟರೆ, ಆ ಮನುಷ್ಯ ದುಃಖದಲ್ಲಿದ್ದಾನೆ ಅನಿಸುತ್ತದೆ. ಅವನಿಗೆ ಸೆಕೆ ಆಗುತ್ತಿದ್ದಿರಬಹುದು. ಕಣ್ಣಿಗೆ ಹೋಮದ ಹೊಗೆ ಹೋಗಿರಬಹುದು. ಕಸುಬಿನವರಿಗೆಲ್ಲ ಗೊತ್ತಿರೋ ಟ್ರಿಕ್ ಇದು.

ಆವರೆಗೆ ನಾನು ಬಳಸುತ್ತಿದ್ದದ್ದು ಮನೆಯಲ್ಲಿದ್ದ ಡಿವಿಡಿ. ಎಷ್ಟೋ ವರ್ಷದ ಹಿಂದೆ ಯಾವುದೋ ಅಂಗಡಿಯಲ್ಲಿ ಕ್ಯಾಸೆಟ್‌ನಿಂದ ಮಾಡಿಸಿದ್ದು. ಮುಖ ದೊಡ್ಡದು ಮಾಡಿದರೆ ಬರೀ ಚೌಕ ಚೌಕ. ಅದಕ್ಕೇ ಮೂಲ ಕ್ಯಾಸೆಟ್ ಹುಡುಕಿದೆ. ದೊಡ್ಡಮ್ಮನ ಮನೆಯ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಮಧ್ಯೆ ಸಿಕ್ಕಿತು. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಿಂದ ಟೇಪಿನ ಅಂಚು ನೋಡಿದೆ. ಬಿಳಿ ಪುಡಿಯ ಹಾಗೆ ಬೂಷ್ಟು ಇದ್ದರೆ ವಿಸಿಆರ್‌ಗೆ ಹಾಕಲೇಬಾರದು. ಹಾಕಿದರೆ ಅದು ಟೇಪನ್ನು ಓದುವ ಹೆಡ್‌ಗೆ ಅಂಟಿ, ಮುಂದೆ ಹಾಕುವ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಇದರಲ್ಲಿ ಇರಲಿಲ್ಲ. ನಮ್ಮ ಕಡೆಯ ಒಣ ಹವೆ ಒಂದು ಉಪಕಾರ ಮಾಡಿದೆ, ಮಲೆನಾಡಿನವರಿಗೆ ಈ ಭಾಗ್ಯ ಇಲ್ಲ.

ವಿಸಿಆರ್ ಸಿಗುವುದು ಈಗ ಅದಕ್ಕಿಂತ ಕಷ್ಟ. ಕೊನೆಯವರೆಗೂ ಅದನ್ನು ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಅನ್ನೋದೇ ಇಲ್ಲ. ಮಂಡಿಪೇಟೆ ಕಡೆ ಹಳೇ ಟಿವಿ ರಿಪೇರಿ ಮಾಡುವ ಅಣ್ಣ ಒಬ್ಬರ ಹತ್ತಿರ ಒಂದು ಇತ್ತು. ಮುಂಭಾಗದಲ್ಲಿ Hi-Fi ಎಂದು ಬರೆದಿತ್ತು. ಆಗ ನಾನದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಚಿತ್ರ ಚೆನ್ನಾಗಿ ಬಂದರೆ ಸಾಕಿತ್ತು.

ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಕ್ಯಾಪ್ಚರ್ ಮಾಡುವಾಗ ಹಾಡು ಕೆಡತೊಡಗಿತು. ಚೆನ್ನಾಗಿ ಓಡುತ್ತಿದ್ದ ಹಾಡು ಫಟ್ ಅಂತ ನಿಂತು, ಅರೆಕ್ಷಣ ಗುಂಯ್ ಅನ್ನುವ ಗದ್ದಲ, ಅದರೊಳಗೆ ಯಾರದೋ ದನಿ, "ಅನ್ನ ಹಾಕ್ರೀ", ಮತ್ತೆ ಹಾಡು. ಟೇಪ್ ಹಾಳಾಗಿದೆ ಅಂತ ಯಾರಿಗಾದರೂ ಅನಿಸಬೇಕು. ಆದರೆ ಹಾಳಾದ ಟೇಪು "ಅನ್ನ ಹಾಕ್ರೀ" ಅನ್ನಲ್ಲ ಅಲ್ವಾ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕ್ಯಾಸೆಟ್‌ಗಳೊಳಗಿನ ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ಅದರ ಒಂದು ಅಂಚಿನಲ್ಲಿ, ಉದ್ದಕ್ಕೂ, ಸುಮಾರು ಒಂದು ಮಿಲಿಮೀಟರಿನ ಪಟ್ಟಿಯಲ್ಲಿ ಮಾಮೂಲಿ ಧ್ವನಿ ಇರುತ್ತದೆ. ಒಂದು ಕಡೆ ಅಲುಗದೆ ಕೂತ ಹೆಡ್ ಅದನ್ನು ಓದುತ್ತದೆ. ಟೇಪು ಸೆಕೆಂಡಿಗೆ ಎರಡು ಚಿಲ್ಲರೆ ಸೆಂಟಿಮೀಟರ್ ಮಾತ್ರ ಓಡುವುದರಿಂದ ಆ ಧ್ವನಿ ಮಂಕು. ಚಿತ್ರದ ಕಥೆ ಬೇರೆ. ಅದನ್ನು ಗಿರಗಿರ ತಿರುಗುವ ಡ್ರಮ್ಮಿನ ಹೆಡ್‌ಗಳು ಓರೆ ಓರೆ ಗೆರೆಗಳಾಗಿ ಬರೆಯುತ್ತವೆ. ಹೈ-ಫೈ ಇರುವ ಯಂತ್ರದಲ್ಲಿ ಅದೇ ಡ್ರಮ್ಮಿನಲ್ಲಿ ಧ್ವನಿಗೂ ಬೇರೆ ಹೆಡ್ ಇರುತ್ತದೆ. ಅದು ಮೊದಲು ಧ್ವನಿಯನ್ನು ಟೇಪಿನ ಪದರದಲ್ಲಿ ಆಳಕ್ಕೆ ಬರೆಯುತ್ತದೆ. ಹಿಂದೆಯೇ ಬರುವ ಚಿತ್ರದ ಹೆಡ್ ಅದೇ ಜಾಗದಲ್ಲಿ ಮೇಲುಮೇಲೆ ಬರೆಯುತ್ತದೆ. ಅಂದರೆ ಚಿತ್ರದ ಅಡಿಯಲ್ಲೇ ಇನ್ನೊಂದು ಧ್ವನಿ.

ಈಗ ಹಾಡು ಹಾಕುವವನ ಕೆಲಸ ನೋಡಿ. ಅವನು 'ಆಡಿಯೋ ಡಬ್' ಬಟನ್ ಒತ್ತಿ ಹಾಡು ತುಂಬುತ್ತಾನೆ. ಅದು ಹೋಗಿ ಕೂರುವುದು ಅಂಚಿನ ಪಟ್ಟಿಯಲ್ಲಿ ಮಾತ್ರ. ಆಳದ ಧ್ವನಿಯನ್ನು ಬದಲಿಸಬೇಕೆಂದರೆ ಚಿತ್ರವನ್ನೂ ಅಳಿಸಿ ಬರೆಯಬೇಕಾಗುತ್ತದೆ. ಹಾಗಾಗಿ ಮದುವೆ ದಿನದ ಧ್ವನಿ ಕೆಳಗೆ ಹಾಗೇ ಉಳಿಯುತ್ತದೆ. ಸಾಮಾನ್ಯ ವಿಸಿಆರ್ ಅಂಚಿನ ಪಟ್ಟಿಯನ್ನಷ್ಟೇ ಓದುತ್ತದೆ. ಮನೆಯಲ್ಲಿ, ಅಂಗಡಿಯಲ್ಲಿ, ಡಿವಿಡಿ ಮಾಡಿದ ಕಡೆ, ಎಲ್ಲರೂ ಕೇಳಿದ್ದು ಅದನ್ನೇ. ಹೈ-ಫೈ ವಿಸಿಆರ್ ಆಳದ್ದನ್ನು ಹುಡುಕುತ್ತದೆ, ಅದು ಸರಿಯಾಗಿ ಸಿಗದಿದ್ದರೆ ತಾನಾಗಿಯೇ ಅಂಚಿಗೆ ಬದಲಾಗುತ್ತದೆ. ನನಗೆ ಹಾಡು ಹೋಗಿ ಬಂದು ಮಾಡುತ್ತಿದ್ದದ್ದು ಇದಕ್ಕೇ. ಹೆಡ್ ಕೊಳಕಾಗಿ ಆಳದ ಧ್ವನಿ ಆಗೊಮ್ಮೆ ಈಗೊಮ್ಮೆ ಮಾತ್ರ ಸಿಗುತ್ತಿತ್ತು.

ಆದರೆ ಎಲ್ಲರ ಕ್ಯಾಸೆಟ್‌ನಲ್ಲೂ ಇದು ಇರುತ್ತದೆ ಅಂದುಕೊಳ್ಳಬೇಡಿ. ಕ್ಯಾಮೆರಾದಲ್ಲೇ ಹೈ-ಫೈ ಇರಬೇಕು. ಅದಕ್ಕಿಂತ ಮುಖ್ಯ, ಕ್ಯಾಮೆರಾದೊಳಗೆ ಓಡಿದ ಕ್ಯಾಸೆಟ್ಟೇ ನಿಮ್ಮ ಕೈಯಲ್ಲಿರಬೇಕು. ದುಡ್ಡಿದ್ದವರು ಮಿಕ್ಸಿಂಗ್ ಮಾಡಿಸುತ್ತಿದ್ದರು. ಹೃದಯದ ಆಕಾರದೊಳಗೆ ಗಂಡು ಹೆಣ್ಣು, ಪುಟ ಮಗುಚಿದ ಹಾಗೆ ಸೀನ್ ಬದಲಾಗೋದು, ಹಾರುವ ಹೂವು. ಅದೆಲ್ಲ ಬೇರೆ ಕ್ಯಾಸೆಟ್‌ಗೆ ಕಾಪಿ ಆಗುತ್ತಿತ್ತು, ಹಾಡಿನ ಸಮೇತ. ಮೂಲ ಕ್ಯಾಸೆಟ್ ಮೇಲೆ ಮುಂದಿನ ಮದುವೆ ಶೂಟಿಂಗ್. ನಮ್ಮವರು ತೆಗೆದುಕೊಂಡದ್ದು ಎಲ್ಲಕ್ಕಿಂತ ಅಗ್ಗದ ರೇಟು. ಮಿಕ್ಸಿಂಗ್ ಇಲ್ಲ, ಶೂಟ್ ಮಾಡಿದ ಕ್ಯಾಸೆಟ್ ಮೇಲೇ ಹಾಡು ಸುರಿದು ಕೊಟ್ಟುಬಿಟ್ಟಿದ್ದಾರೆ. "ಅವರ ಮದುವೆ ಕ್ಯಾಸೆಟ್‌ನಾಗೆ ಹೂವು ಹಾರ್ತಾವೆ, ನಮ್ದ್ರಾಗೆ ಏನೂ ಇಲ್ಲ" ಅಂತ ಅಪ್ಪನನ್ನು ಅಮ್ಮ ಎಷ್ಟು ವರ್ಷ ಆಡಿಕೊಂಡಿದ್ದಾಳೋ.

ರಿಪೇರಿ ಅಣ್ಣ ಸ್ಪಿರಿಟ್ ಹಾಕಿ ಹೆಡ್ ಒರೆಸಿದರು. ಹತ್ತಿ ಬಳಸಬಾರದು, ಎಳೆ ಸಿಕ್ಕಿಕೊಂಡು ಹೆಡ್ ಮುರಿಯುತ್ತದೆ. ಮೆತ್ತನೆಯ ಚರ್ಮದ ತುಂಡು ಬೇಕು, ಅದನ್ನು ಹಿಡಿದುಕೊಂಡು ಡ್ರಮ್ಮನ್ನು ಕೈಯಲ್ಲಿ ತಿರುಗಿಸಬೇಕು, ಮೇಲೆ ಕೆಳಗೆ ಉಜ್ಜಬಾರದು. ಆಮೇಲೆ ಟ್ರ್ಯಾಕಿಂಗನ್ನು, ಅಂದರೆ ಹೆಡ್ ಆ ಓರೆ ಗೆರೆಗಳ ಮೇಲೆ ಸರಿಯಾಗಿ ಹೋಗುವಂತೆ ಮಾಡುವುದನ್ನು, ನಾನೇ ಕೈಯಲ್ಲಿ ಹೊಂದಿಸಿದೆ. ಚಿತ್ರ ಚೆನ್ನಾಗಿ ಕಾಣುವ ಜಾಗವೂ ಧ್ವನಿ ಚೆನ್ನಾಗಿ ಬರುವ ಜಾಗವೂ ಒಂದೇ ಆಗಿರಲಿಲ್ಲ, ಸ್ವಲ್ಪ ಆಚೀಚೆ. ಹಾಗಾಗಿ ಚಿತ್ರಕ್ಕೊಂದು ಸಲ, ಧ್ವನಿಗೊಂದು ಸಲ ಬೇರೆ ಬೇರೆ ಕ್ಯಾಪ್ಚರ್ ಮಾಡಿ ಆಮೇಲೆ ಕೂಡಿಸಿದೆ. ಆಡಿಯೋ ಸೆಟ್ಟಿಂಗನ್ನು ಹೈ-ಫೈಗೆ ಮಾತ್ರ ಇಟ್ಟೆ, ಅಂಚಿಗೆ ಜಾರಬಾರದು ಅಂತ.

ಹಾಡು ಹೋಯಿತು. ಇಡೀ ಮದುವೆ ಮಾತಾಡತೊಡಗಿತು. ನಿಜ ಹೇಳಬೇಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಏನೂ ಇಲ್ಲ. ಜನರೇಟರ್ ಗುರ್ ಅನ್ನೋದು, ವಾಲಗ, ಮೈಕಿನಲ್ಲಿ ಯಾರದೋ ಬೀಗದಕೈ ಸಿಕ್ಕಿದೆ ಅನ್ನೋ ಪ್ರಕಟಣೆ. ಹಾಡು ಹಾಕಿದವರ ಕಷ್ಟ ಅರ್ಥವಾಯಿತು.

ಆಮೇಲೆ ನೆಲ ಬಂತು.

ಈ ನೆಲ ನಮ್ಮ ಮನೆಯವರಿಗೆಲ್ಲ ಗೊತ್ತು. ಹೆಣ್ಣೊಪ್ಪಿಸುವ ಮುಂಚೆ ಕ್ಯಾಸೆಟ್‌ನಲ್ಲಿ ಒಂದು ನಿಮಿಷಕ್ಕೂ ಮೀರಿ ಬರೀ ನೆಲ. ವಿಡಿಯೋದವನು ಕ್ಯಾಮೆರಾವನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು ಎಲ್ಲೋ ಹೋಗಿದ್ದಾನೆ. ನಿಲ್ಲಿಸಿದ್ದೇನೆ ಅಂದುಕೊಂಡಿದ್ದಾನೆ, ಅದು ಓಡುತ್ತಿದೆ. ವಾಪಸ್ ಬಂದು ಶುರು ಮಾಡಲೆಂದು ಒತ್ತಿದಾಗ ನಿಂತಿದೆ. ಒಂದೇ ಬಟನ್ನಿನ ಕ್ಯಾಮೆರಾ ಹಿಡಿದವರಿಗೆಲ್ಲ ಒಂದಲ್ಲ ಒಂದು ದಿನ ಆಗಿರುವ ಫಜೀತಿ ಇದು. ಬೇಡದ್ದೆಲ್ಲ ರೆಕಾರ್ಡ್ ಆಗುತ್ತದೆ, ಬೇಕಾದ್ದು ಆಗುವುದಿಲ್ಲ. ಅದಕ್ಕೇ ಹೆಣ್ಣೊಪ್ಪಿಸುವುದರ ಮೊದಲರ್ಧ ನಮ್ಮ ಕ್ಯಾಸೆಟ್‌ನಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ನೋಡುವಾಗ ನೆಲ ಬಂದರೆ "ಓಡ್ಸು ಓಡ್ಸು" ಅನ್ನುತ್ತಿದ್ದರು. ಡಿವಿಡಿ ಮಾಡಿದವರು ಅದನ್ನು ಕತ್ತರಿಸಿಯೇ ಬಿಟ್ಟಿದ್ದರು. ನಾನಾಗಿದ್ದರೂ ಕತ್ತರಿಸುತ್ತಿದ್ದೆ.

ಚಿತ್ರ ಅಡ್ಡಡ್ಡ ಮಲಗಿದೆ. ರಾಶಿ ಬಿದ್ದ ಚಪ್ಪಲಿ, ಬಾಳೆಕಂಬದ ಬುಡ, ಆಚೆ ಲಾರಿಯ ಹಿಂದಿನ ಗಾಲಿ. ಮುಂದೆ ಯಾರದೋ ಬರಿಗಾಲು ಬಂದು ನಿಲ್ಲುತ್ತದೆ. ಧ್ವನಿ ಹೀಗಿದೆ. ಕೇಳಿಸದ ಕಡೆ ಚುಕ್ಕಿ ಇಟ್ಟಿದ್ದೇನೆ.

"ಯಜಮಾನ್ರೇ, ಒಳಗೆ ಕರೀತಿದಾರೆ ನೋಡ್ರಿ."

"ಕರೀಲಿ ಬಿಡು. ಬಾಡಿಗೆ ಮಾತಾಡಣ ಬಾ."

"ಬಾಡಿಗೆ ನಿನ್ನೇನೇ ಮುಗೀತಲ್ರೀ. ಅಡ್ವಾನ್ಸೂ ಕೊಟ್ಟೀರಿ."

"ಮುಗೀಲಿ. ಇನ್ನೊಂದ್ಸಲ ಹೇಳು, ಎಷ್ಟು?"

"......"

"ಜಾಸ್ತಿ ಆತು."

"ನೀವೇ ಹೇಳಿದ್ ರೇಟ್ರೀ ಅದು!"

"ನಾನೇ ಹೇಳಿದ್ರೂ ಜಾಸ್ತೀನೇ."

ಡ್ರೈವರ್ ನಗುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ವಾಲಗ ಬಿಟ್ಟರೆ ಏನಿಲ್ಲ. ದೂರದಿಂದ ಒಂದು ಹುಡುಗನ ದನಿ, "... ಬರ್ಬೇಕಂತೆ." ಅದಕ್ಕೆ ಈ ಕಡೆಯಿಂದ, ಮೊದಲಿಗಿಂತ ಗಟ್ಟಿಯಾಗಿ, "ಬಾಡಿಗೆ ಮಾತಾಡ್ತಿದೀನಿ ಅನ್ನು, ಹೋಗು." ಕಾಲು ಅಲ್ಲಿಂದ ಕದಲುವುದಿಲ್ಲ. ಬಟನ್ ಒತ್ತುವವರೆಗೂ ಅಲ್ಲೇ ಇರುತ್ತದೆ.

ಇದು ಅಜ್ಜ ಅಂತ ಹೇಗೆ ಗೊತ್ತಾಗಬೇಕು? ನಾನವನ ದನಿ ಕೇಳಿದವಳಲ್ಲ. ಮನೆಯಲ್ಲಿ ಬೇರೆ ರೆಕಾರ್ಡಿಂಗೂ ಇಲ್ಲ. ಬರೀ ಧ್ವನಿಯನ್ನು ದೊಡ್ಡಮ್ಮನಿಗೆ ವಾಟ್ಸಾಪ್ ಮಾಡಿದೆ, ಯಾರದು ಏನು ಎಂದು ಹೇಳದೆ. ಮೊದಲೇ ಹೇಳಿಬಿಟ್ಟರೆ ಎಲ್ಲರಿಗೂ ಹಾಗೇ ಕೇಳಿಸುತ್ತದೆ. ತಕ್ಷಣ ಫೋನ್ ಬಂತು. "ಅಪ್ಪನ್ನ ಯಾವಾಗ ರೆಕಾರ್ಡ್ ಮಾಡಿದ್ರು?" ಮಾಮ ಒಪ್ಪಲಿಲ್ಲ. "ಅಪ್ಪ ಅಷ್ಟು ಮಾತಾಡೋ ಮನುಷ್ಯನೇ ಅಲ್ಲ, ಅದು ಛತ್ರದ ಮ್ಯಾನೇಜರ್ ಇರ್ಬೇಕು" ಅಂದ.

ಆಗ ನೆನಪಾದದ್ದು ಕಾಲು. ಅಜ್ಜನ ಎಡಗಾಲಿನ ಕಿರುಬೆರಳು ಚಿಕ್ಕಂದಿನಲ್ಲೇ ಕುಂಟೆಗೆ ಸಿಕ್ಕಿ ಹೋಗಿತ್ತಂತೆ, ಇದು ಮನೆಯವರೆಲ್ಲ ಹೇಳುವ ಮಾತು. ಆದರೆ ಚಿತ್ರ ನಿಲ್ಲಿಸಿ ನೋಡಿದರೆ ಕಾಲಿನ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಹರಿದುಕೊಂಡಿತ್ತು. ನಮ್ಮ ಹಳೆಯ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಆದರೆ ಒಂದೊಂದು ಚಿತ್ರವೂ ಎರಡು ಅರೆಚಿತ್ರಗಳ ಹೆಣಿಗೆ. ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಮರುಕ್ಷಣದವು. ಅಷ್ಟರಲ್ಲಿ ಕಾಲು ಅಲುಗಿದರೆ ಎರಡೂ ಬೆರೆತು ಗೋಜಲಾಗುತ್ತದೆ. ಡಿವಿಡಿ ಮಾಡುವಾಗ ಕೆಲವರು ಇವನ್ನು ಒಂದಕ್ಕೊಂದು ಕಲಸಿಬಿಡುತ್ತಾರೆ. ನಾನು ಎರಡನ್ನೂ ಬಿಡಿಸಿ, ಸೆಕೆಂಡಿಗೆ 50 ಬಿಡಿ ಚಿತ್ರ ಮಾಡಿಕೊಂಡು ಒಂದೊಂದಾಗಿ ಸರಿಸುತ್ತಾ ಹೋದೆ. ಕಾಲು ಊರಿ ನಿಂತ ಒಂದು ಕಡೆ ಸ್ಪಷ್ಟವಾಯಿತು. ಹೆಬ್ಬೆರಳು, ಮೂರು ಬೆರಳು, ಆಮೇಲೆ ಬೆರಳು ಇರಬೇಕಾದಲ್ಲಿ ಉರುಟಾದ ಚರ್ಮ. ಪಾದಕ್ಕೆ ಅರಿಶಿನ ಮೆತ್ತಿಕೊಂಡಿತ್ತು.

ಅದನ್ನು ಕಳಿಸಿದ ಮೇಲೆ ಮಾಮ ತುಂಬ ಹೊತ್ತು ಉತ್ತರಿಸಲಿಲ್ಲ. ಆಮೇಲೆ ಅವನೇ ಫೋನ್ ಮಾಡಿ, "ಆ ಹುಡುಗ ನಾನೇ ಕಣೇ" ಅಂದ. ಆಗ ಅವನಿನ್ನೂ ಸ್ಕೂಲಿಗೆ ಹೋಗುವ ಹುಡುಗ. ಒಳಗೆ ಓಡಿ ಹೋಗಿ ಎಲ್ಲರೆದುರು "ಅಪ್ಪ ಬಾಡಿಗೆ ಮಾತಾಡ್ತಿದಾನಂತೆ" ಅಂದವನೂ ಅವನೇ. ಮನೆಯ ಕಥೆ ಹುಟ್ಟಿದ್ದು ಅಲ್ಲಿಂದ. ಕಥೆಯಲ್ಲಿ ಸುಳ್ಳೇನೂ ಇರಲಿಲ್ಲ, ಬಾಡಿಗೆ ನಿನ್ನೆಯೇ ಮುಗಿದಿತ್ತು ಅನ್ನೋದೊಂದು ಬಿಟ್ಟು.

ಸಿನಿಮಾ ಈಗ ಪೂರ್ತಿ ಕದಡಿಹೋಯಿತು. ಕಸುಬಿನ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದನ್ನು ಎಲ್ಲಿಡಬೇಕು ಅನ್ನೋದು. ಅಮ್ಮ ಸೊಪ್ಪು ಬಿಡಿಸುತ್ತಾ ಹೇಳಿದ ಮಾತಿದೆಯಲ್ಲ, ಅದಕ್ಕೆ ಮೊದಲು ನೆಲ ಬಂದರೆ ನೋಡುವವರಿಗೆ ವಿಷಯ ಗೊತ್ತಿರುತ್ತದೆ, ಅಮ್ಮನಿಗೆ ಗೊತ್ತಿರುವುದಿಲ್ಲ. ಎಲ್ಲರೂ ಅವಳನ್ನು ಪಾಪ ಅಂತ ನೋಡುತ್ತಾರೆ. ಅದು ನನಗೆ ಬೇಡ. ಅಮ್ಮನ ಮಾತನ್ನೇ ತೆಗೆದುಬಿಟ್ಟರೆ ನೆಲಕ್ಕೆ ಅರ್ಥವೇ ಇಲ್ಲ, ಯಾರೋ ಯಾರ ಹತ್ತಿರವೋ ಚೌಕಾಸಿ ಮಾಡಿದ ಹಾಗೆ. ಹಾಗಾಗಿ ಮೊದಲು ಅಮ್ಮ, ಅದರ ಬೆನ್ನಿಗೇ ನೆಲ. ಮಾತು ಮುಗಿಯುವ ಮುಂಚೆಯೇ ಮುಂದಿನ ಧ್ವನಿಯನ್ನು ನುಸುಳಿಸುವುದು ನಮ್ಮ ದಿನನಿತ್ಯದ ಉಪಾಯ, ಜೋಡಣೆ ನಯವಾಗುತ್ತದೆ. ಇಲ್ಲಿ ಅದನ್ನೂ ಮಾಡಲಿಲ್ಲ. ಅಮ್ಮನ ಮಾತು ಅಮ್ಮನದಾಗಿಯೇ ಮುಗಿಯಲಿ.

ನೆಲದ ಶಾಟನ್ನು ಒಳಗೆ ಎಲ್ಲೂ ಕತ್ತರಿಸಲಿಲ್ಲ. ಮಧ್ಯದಲ್ಲಿ ಆ ಖಾಲಿ ಹೊತ್ತು ಇದೆಯಲ್ಲ, ಗಿರಾಕಿಯ ಕೆಲಸವಾಗಿದ್ದರೆ ಅದು ಉಳಿಯುತ್ತಿರಲಿಲ್ಲ. ಆದರೆ ಅವನು ಮಾತು ಮುಗಿದ ಮೇಲೂ ನಿಂತೇ ಇದ್ದ ಅನ್ನುವುದು ಅಲ್ಲಿ ಮಾತ್ರ ಕಾಣುತ್ತದೆ. ಒಂದು ಸಲ ಕತ್ತರಿ ಆಡಿಸಿದರೆ ಮಾತನ್ನು ನಾನೇ ಜೋಡಿಸಿದ್ದೇನೆ ಅನ್ನೋ ಅನುಮಾನವೂ ಬರುತ್ತದೆ. ಧ್ವನಿಯಲ್ಲಿ ಕರೆಂಟಿನ ಗುಂಯ್‌ಗುಟ್ಟುವಿಕೆ ಇತ್ತು, ಅದು 50 ಹರ್ಟ್ಸ್, ಅದರ ಪಟ್ಟು 100, 150, ಇವಿಷ್ಟನ್ನು ಕಿರಿದಾಗಿ ಕೊರೆದು ತೆಗೆದೆ. ವಾಲಗವನ್ನು ಮುಟ್ಟಲಿಲ್ಲ. ಅದೂ ಮನುಷ್ಯನ ದನಿಯೂ ಒಂದೇ ಎತ್ತರದಲ್ಲಿ ಓಡಾಡುತ್ತವೆ, ಅದನ್ನು ತೆಗೆಯಲು ಹೋದರೆ ಇವನೂ ಹೋಗುತ್ತಾನೆ. ನಿಧಾನ ಮಾಡಿದ ಮುಖವನ್ನೂ ಕೊಳಲನ್ನೂ ತೆಗೆದೆ. ಧಾರೆಯಲ್ಲಿ ಅಜ್ಜ ಈಗ ಮಾಮೂಲಿ ವೇಗದಲ್ಲಿ ಮೂಗು ಕೆರೆದುಕೊಳ್ಳುತ್ತಾನೆ.

ಅಮ್ಮನಿಗೆ ಎಲ್ಲರ ಮುಂದೆ ಒಮ್ಮೆಲೇ ತೋರಿಸುವುದು ಸರಿಯಲ್ಲ ಅನಿಸಿತು. ಮೊದಲು ಅವಳೊಬ್ಬಳನ್ನೇ ಕೂರಿಸಿ, ಹೆಡ್‌ಫೋನ್ ಹಾಕಿ ಕೇಳಿಸಿದೆ. ಅಳುತ್ತಾಳೆ ಅಂತ ಕಾಯುತ್ತಿದ್ದೆ. "ನಾನೇ ಹೇಳಿದ್ರೂ ಜಾಸ್ತೀನೇ" ಅನ್ನುವ ಕಡೆ ಜೋರಾಗಿ ನಕ್ಕಳು. ಆಮೇಲೆ, "ನಾನು ಅವತ್ತು ಬಾಗ್ಲ ಕಡೆನೇ ನೋಡ್ತಿದ್ದೆ" ಅಂದಳು. ಸ್ವಲ್ಪ ತಡೆದು, "ಆ ಡ್ರೈವರ್ ಊಟ ಮಾಡಿದ್ನೋ ಇಲ್ವೋ" ಅಂದಳು. ನೀನು ಸೊಪ್ಪು ಬಿಡಿಸುತ್ತಾ ಹೇಳಿದ ಮಾತನ್ನು ತೆಗೆದುಬಿಡಲಾ ಅಂತ ಕೇಳಿದೆ. "ಯಾಕೆ ತೆಗೀತೀಯ? ಇಷ್ಟು ವರ್ಷ ನಾನು ಹಂಗೇ ಅನ್ಕೊಂಡಿದ್ದೆ. ಇರ್ಲಿ ಬಿಡು."

ಅಜ್ಜ ಯಾಕೆ ಒಳಗೆ ಹೋಗಲಿಲ್ಲ ಅನ್ನುವುದನ್ನು ಸಿನಿಮಾದಲ್ಲಿ ಯಾರ ಬಾಯಲ್ಲೂ ಹೇಳಿಸಿಲ್ಲ. ದೊಡ್ಡಮ್ಮ ಹೇಳಲು ತಯಾರಾಗಿದ್ದಳು, ರೆಕಾರ್ಡ್ ಕೂಡ ಮಾಡಿಕೊಂಡೆ, ಹಾಕಲಿಲ್ಲ. ಅವಳು ಹೇಳಿದ್ದು ಸರಿಯೇ ಇರಬಹುದು. ಟೇಪಿನಲ್ಲಿರುವುದು ಮಾತ್ರ ಒಂದು ಕಾಲು, ಮುಗಿದುಹೋದ ವ್ಯವಹಾರದ ಬಗ್ಗೆ ನಾಲ್ಕು ಮಾತು.

ಮನೆಯ ಹಾಲ್‌ನಲ್ಲಿ ಎಲ್ಲರೂ ಕೂತು ನೋಡಿದ ದಿನ, ಮಿರ್ಚಿ ಮಂಡಕ್ಕಿ ಮಧ್ಯೆ, ದೊಡ್ಡ ಜಗಳವೇ ಆಯಿತು. ಡ್ರೈವರ್ ಹೇಳಿದ ರೇಟು ವಾಲಗದಲ್ಲಿ ಮುಚ್ಚಿಹೋಗಿದೆಯಲ್ಲ, ಅದು ಎಂಟುನೂರು ಅಂತ ಮಾಮ, ಸಾವಿರದ ಇನ್ನೂರಕ್ಕೆ ಕಮ್ಮಿ ಇರೋಕೆ ಸಾಧ್ಯವೇ ಇಲ್ಲ, ಹೊಳಲ್ಕೆರೆಯಿಂದ ಹೋಗಿ ಬರೋದಲ್ವಾ ಅಂತ ಅಪ್ಪ. ಆ ಒಂದು ಜಾಗವನ್ನು ಮತ್ತೆ ಮತ್ತೆ ಹಾಕಿಸಿದರು. ನನಗೆ 'ಒಂಬೈ' ಅಂತ ಕೇಳಿಸುತ್ತದೆ, ಆದರೆ ಸಬ್‌ಟೈಟಲ್‌ನಲ್ಲಿ ಚುಕ್ಕಿಯೇ ಇದೆ. ಎಷ್ಟಾದರೂ ಇರಲಿ, ಆಗಿನ ಕಾಲಕ್ಕೆ ಅದು ಜಾಸ್ತಿಯೇ ಅಂತ ಅಮ್ಮ ಅಡುಗೆಮನೆಯಿಂದ ಕೂಗಿದಳು.